ನೀರು ಏರಿಗೆ ಹರಿದ ನಕ್ಷೆ: ಕಾವೇರಿ ದಂಡೆಯ ಒಂದು ಯೋಜನೆಯಲ್ಲಿ ಜಿಪಿಎಸ್ ಎತ್ತರ ಮತ್ತು ಬೆಂಚ್ ಮಾರ್ಕ್ ಎತ್ತರ

ಹಿನ್ನೆಲೆ

ಕೊಡಗಿನಲ್ಲಿ ಕಾವೇರಿ ದಂಡೆಯ ಒಂದು ಊರಿಗೆ ಕುಡಿಯುವ ನೀರಿನ ಯೋಜನೆಯೊಂದು ಮಂಜೂರಾಗಿತ್ತು. ಹೊಳೆಯ ಅಂಚಿನಲ್ಲಿ ನೀರೆತ್ತುವ ಬಾವಿಯಾದ ಜಾಕ್‌ವೆಲ್, ಅದರ ಮೇಲೆ ಪಂಪ್‌ಹೌಸ್, ಅಲ್ಲಿಂದ ಕೆಳಹೊಳೆಯ ಕಡೆಗೆ ಗದ್ದೆಬಯಲನ್ನು ದಾಟಿ ಮುಖ್ಯರಸ್ತೆಯನ್ನು ಸೇರುವ ಎರಡೂವರೆ ಕಿಲೋಮೀಟರಿನಷ್ಟು ಉದ್ದದ ಮಣ್ಣೇರಿಯ ರಸ್ತೆ, ಇಷ್ಟು ಕೆಲಸ. 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳನ್ನು ಕಂಡ ಮೇಲೆ ಈ ಭಾಗದಲ್ಲಿ ಹೊಳೆಯ ಪಕ್ಕ ಏನನ್ನು ಕಟ್ಟುವುದಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು? ಮೋಟಾರು ಕೂರುವ ನೆಲದ ಮಟ್ಟ ಮತ್ತು ರಸ್ತೆಯ ಮೇಲ್ಮಟ್ಟ ಎರಡೂ ಆ ಉತ್ತರದ ಮೇಲೆ ನಿಂತಿದ್ದವು.

ಸ್ಥಳ ಮತ್ತು ಸಂಸ್ಥೆಗಳ ಗುರುತು ಸಿಗಬಾರದೆಂದು ಇಲ್ಲಿ ಎತ್ತರದ ಅಂಕಿಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಸರಿಸಿದ್ದೇನೆ. ಅವುಗಳ ನಡುವಿನ ವ್ಯತ್ಯಾಸಗಳು ಇದ್ದ ಹಾಗೆಯೇ ಇವೆ, ಮತ್ತು ಈ ಪ್ರಕರಣದಲ್ಲಿ ಮುಖ್ಯವಾದದ್ದು ಆ ವ್ಯತ್ಯಾಸಗಳೇ. ನನ್ನ ಪಾತ್ರ ಸರ್ವೆ ಮುಗಿದ ನಂತರ ಆರಂಭವಾಯಿತು: ಎರಡು ತಂಡಗಳ ದತ್ತಾಂಶವನ್ನು ಒಂದು ನಕ್ಷೆಗೆ ತರುವಲ್ಲಿ ಬಂದ ತಕರಾರನ್ನು ಬಿಡಿಸಿಕೊಡಬೇಕೆಂದು ವಿನ್ಯಾಸಕಾರರು ಕೇಳಿಕೊಂಡಿದ್ದರು.

ಪ್ರವಾಹದ ಗುರುತುಗಳನ್ನು ಅಳೆಯುವ ಕೆಲಸವನ್ನು ಹೊಳೆಯುದ್ದಕ್ಕೆ ಎರಡು ಭಾಗ ಮಾಡಿ ಹಂಚಲಾಗಿತ್ತು. ಮೇಲ್ಭಾಗದ ಪಟ್ಟಣದಿಂದ ಪಂಪ್‌ಹೌಸ್ ಜಾಗದವರೆಗಿನ ಒಂಬತ್ತು ಕಿಲೋಮೀಟರನ್ನು ಮೊದಲ ತಂಡವೂ, ಅಲ್ಲಿಂದ ಕೆಳಗಿನ ಒಂಬತ್ತು ಕಿಲೋಮೀಟರನ್ನು ಎರಡನೆಯ ತಂಡವೂ ಒಂದೇ ಕಡೆ ನಿಲ್ಲಿಸುವ ಜಿಪಿಎಸ್ ಬೇಸ್ ಮತ್ತು ಬಿಂದುವಿನಿಂದ ಬಿಂದುವಿಗೆ ಒಯ್ಯುವ ರೋವರ್ ಇಟ್ಟುಕೊಂಡು ಅಳೆದಿದ್ದವು. ಕಾಫಿ ತೋಟದೊಳಗೆ ಸಿಲ್ವರ್ ಓಕ್ ಮರಗಳ ಕೆಳಗೆ ರೋವರಿಗೆ ಫಿಕ್ಸ್, ಅಂದರೆ ಸೆಂಟಿಮೀಟರ್ ಮಟ್ಟದ ಖಚಿತ ಸ್ಥಾನ, ಸಿಗುವುದು ಕಷ್ಟ; ಅಲ್ಲೆಲ್ಲ ಹತ್ತಿರದ ಬಯಲಿನಲ್ಲಿ ಒಂದು ಗೂಟ ಹೊಡೆದು, ಅದರ ಎತ್ತರವನ್ನು ಜಿಪಿಎಸ್‌ನಿಂದ ತೆಗೆದು, ಒಳಗಿನ ಗುರುತಿಗೆ ಮಟ್ಟ ನೋಡುವ ಉಪಕರಣವಾದ ಆಟೋ ಲೆವೆಲ್‌ನಿಂದ ಎತ್ತರ ಒಯ್ದಿದ್ದರು. ಎರಡೂ ತಂಡಗಳು ಈ ವಿಷಯದಲ್ಲಿ ಶಿಸ್ತಿನಿಂದ ಕೆಲಸ ಮಾಡಿದ್ದವು. ಇವೆರಡರಿಂದ ಬೇರೆಯಾಗಿ ಮೂರನೆಯ ತಂಡವೊಂದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಜಿಟಿಎಸ್ ಬೆಂಚ್ ಮಾರ್ಕ್, ಅಂದರೆ ಎತ್ತರ ಗೊತ್ತುಮಾಡಿ ಕೂರಿಸಿದ ಕಲ್ಲು, ಒಂದರಿಂದ ನಾಲ್ಕು ಕಿಲೋಮೀಟರ್ ಲೆವೆಲಿಂಗ್ ಮಾಡಿ, ಪಂಪ್‌ಹೌಸ್ ಜಾಗದಲ್ಲಿ ಒಂದು ಟಿಬಿಎಂ, ಅಂದರೆ ತಾತ್ಕಾಲಿಕ ಬೆಂಚ್ ಮಾರ್ಕ್, ಸ್ಥಾಪಿಸಿತ್ತು. ಹೋಗುವ ಮತ್ತು ಬರುವ ಲೆವೆಲಿಂಗಿನ ನಡುವಿನ ವ್ಯತ್ಯಾಸ 9 ಮಿಲಿಮೀಟರ್. ಕರಾರಿನಲ್ಲಿದ್ದ ಮಿತಿ ಕಿಲೋಮೀಟರುಗಳ ವರ್ಗಮೂಲಕ್ಕೆ 12 ಮಿಲಿಮೀಟರಿನಂತೆ 24. ಹಾಗಾಗಿ ಟಿಬಿಎಂ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಸಮಸ್ಯೆ ಕಂಡದ್ದು ಹೇಗೆ

ಎರಡೂ ತಂಡಗಳ ಪಟ್ಟಿಗಳನ್ನು ಸೇರಿಸಿ 2019ರ ಪ್ರವಾಹದ ನೀರಿನ ಮೇಲ್ಮೈಯನ್ನು ಹೊಳೆಯುದ್ದಕ್ಕೆ ಗೆರೆಯಾಗಿ ಎಳೆದಾಗ, ಮೇಲಿನಿಂದ ನಯವಾಗಿ ಇಳಿದು ಬರುತ್ತಿದ್ದ ಗೆರೆ ಪಂಪ್‌ಹೌಸ್ ಜಾಗದಲ್ಲಿ ಒಮ್ಮೆಲೇ ಮೆಟ್ಟಿಲು ಹತ್ತಿ, ಅಲ್ಲಿಂದ ಮತ್ತೆ ಇಳಿಯತೊಡಗಿತು. ಮೊದಲ ತಂಡದ ಕೊನೆಯ ಗುರುತು 852.30 ಮೀಟರ್. ಅದಕ್ಕಿಂತ ನಾನೂರು ಮೀಟರ್ ಕೆಳಹೊಳೆಯಲ್ಲಿದ್ದ ಎರಡನೆಯ ತಂಡದ ಮೊದಲ ಗುರುತು 852.88 ಮೀಟರ್. ಅಂದರೆ ನಕ್ಷೆಯ ಪ್ರಕಾರ ಕಾವೇರಿ ಅಲ್ಲಿ ಐವತ್ತೆಂಟು ಸೆಂಟಿಮೀಟರ್ ಏರಿಗೆ ಹರಿದಿತ್ತು.

ಮೊದಲ ಅನುಮಾನ ಹೋದದ್ದು ಗುರುತುಗಳ ಮೇಲೆ. ಪ್ರವಾಹದ ಗುರುತು ಎಂದರೆ ಹೆಚ್ಚಿನ ಕಡೆ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆ, ಇಲ್ಲವೇ ಮನೆಯವರು ಕೈಯಿಟ್ಟು ತೋರಿಸಿದ ಜಾಗ. ಹತ್ತು ಸೆಂಟಿಮೀಟರ್ ಆಚೀಚೆ ಆಗುವುದು ಸಹಜ. ಆದರೆ ಈ ಎರಡು ಗುರುತುಗಳು ಆ ಬಗೆಯವಲ್ಲ. ಒಂದು, ಸೇತುವೆಯ ರೆಕ್ಕೆಗೋಡೆಯ ಮೇಲೆ ಆಗಲೇ ಬಣ್ಣದಲ್ಲಿ ಬರೆದಿಟ್ಟದ್ದು. ಇನ್ನೊಂದು, ತೋಟವೊಂದರ ಲೈನ್ ಮನೆಯ ಬಾಗಿಲಿನ ಚೌಕಟ್ಟಿಗೆ ಹೊಡೆದ ಮೊಳೆ. ತೋಟದ ರೈಟರ್ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ತುಕ್ಕು ಹಿಡಿದ ಆ ಮೊಳೆಯನ್ನು ಬೆರಳಿನಿಂದ ಮುಟ್ಟಿ, "ನೀರು ಇಳಿಯಲಿಕ್ಕೆ ಶುರುವಾದ ಬೆಳಗ್ಗೆ ನಾನೇ ಹೊಡೆದದ್ದು ಸಾರ್, ಕೆಸರು ಇನ್ನೂ ಒದ್ದೆ ಇತ್ತು" ಎಂದರು. ಚೌಕಟ್ಟಿನ ಮರದ ಮೇಲೆ ಮೊಳೆಯ ಎತ್ತರಕ್ಕೆ ಸರಿಯಾಗಿ ಬಣ್ಣ ಬದಲಾದ ಗೆರೆ ಆಗಲೂ ಕಾಣುತ್ತಿತ್ತು.

ಎರಡು ಗುರುತುಗಳ ನಡುವೆ ಇದ್ದದ್ದು ನಾನೂರು ಮೀಟರ್ ತೋಟದ ದಾರಿ. ಜಿಪಿಎಸ್ಸನ್ನು ಬದಿಗಿಟ್ಟು ಆಟೋ ಲೆವೆಲ್ ಮತ್ತು ಸ್ಟಾಫ್‌ನಿಂದ ಬಣ್ಣದ ಗೆರೆಯಿಂದ ಮೊಳೆಗೆ ನೇರವಾಗಿ ಲೆವೆಲಿಂಗ್ ಮಾಡಿದೆವು. ಮೊಳೆ 17 ಸೆಂಟಿಮೀಟರ್ ಕೆಳಗಿತ್ತು. ಆ ಭಾಗದ ಹೊಳೆಯ ಇಳಿಜಾರಿಗೆ ಅದು ಚೆನ್ನಾಗಿ ಹೊಂದುವ ಅಂಕಿ. ಹಾಗಾದರೆ ಗುರುತುಗಳು ಸರಿ, ಪಟ್ಟಿಗಳು ತಪ್ಪು. ಎರಡು ಪಟ್ಟಿಗಳ ನಡುವೆ 58ಕ್ಕೆ 17 ಸೇರಿ ಒಟ್ಟು 75 ಸೆಂಟಿಮೀಟರಿನ ಬಿರುಕು ಇದೆ. ಒಳ್ಳೆಯ ಫಿಕ್ಸ್ ಇರುವಾಗ ರೋವರಿನ ಎತ್ತರದ ದೋಷ ಎರಡು ಮೂರು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಕಂಬದ ಎತ್ತರವನ್ನು ಎರಡು ಮೀಟರ್ ಬದಲು 1.8 ಎಂದು ನಮೂದಿಸಿದ್ದರೆ ಬರುವುದು ಇಪ್ಪತ್ತು ಸೆಂಟಿಮೀಟರ್. 75 ಸೆಂಟಿಮೀಟರಿಗೆ ಕಾರಣ ಅಳತೆಯಲ್ಲಿ ಇರಲಾರದು, ಅಳತೆ ಯಾವ ಸೊನ್ನೆಯಿಂದ ಆರಂಭವಾಗಿದೆ ಎಂಬುದರಲ್ಲಿ ಇರಬೇಕು ಎಂದು ಇಲ್ಲಿಗೆ ಖಚಿತವಾಯಿತು.

ಮೂರು ಸೊನ್ನೆಗಳು

ಜಿಪಿಎಸ್ ರಿಸೀವರ್ ನಿಜವಾಗಿ ಅಳೆಯುವುದು ಎಲಿಪ್ಸಾಯ್ಡ್ ಎತ್ತರವನ್ನು. ಎಲಿಪ್ಸಾಯ್ಡ್ ಎಂಬುದು ಭೂಮಿಯ ಆಕಾರಕ್ಕೆ ಹೊಂದುವಂತೆ ಗಣಿತದಿಂದ ಕಟ್ಟಿದ ನಯವಾದ ಮೇಲ್ಮೈ. ಅದಕ್ಕೆ ಸಮುದ್ರದ ಗೊಡವೆಯಾಗಲಿ ಗುರುತ್ವದ ಗೊಡವೆಯಾಗಲಿ ಇಲ್ಲ. ನೀರಿಗೆ ಗೊತ್ತಿರುವುದು ಗುರುತ್ವ ಮಾತ್ರ. ಗುರುತ್ವಕ್ಕೆ ಅನುಸಾರವಾಗಿ, ಸರಾಸರಿ ಸಮುದ್ರಮಟ್ಟವನ್ನು ನೆಲದ ಕೆಳಗೂ ವಿಸ್ತರಿಸಿದಂತೆ ಕಲ್ಪಿಸಿಕೊಳ್ಳುವ ಮೇಲ್ಮೈ ಜಿಯಾಯ್ಡ್. ಇವೆರಡರ ನಡುವಿನ ಅಂತರವನ್ನು N ಎಂದು ಬರೆಯುತ್ತಾರೆ.

```
H = h − N
h : ಎಲಿಪ್ಸಾಯ್ಡ್‌ನಿಂದ ಎತ್ತರ
H : ಸಮುದ್ರಮಟ್ಟದಿಂದ ಎತ್ತರ
N : ಎಲಿಪ್ಸಾಯ್ಡ್‌ನಿಂದ ಜಿಯಾಯ್ಡ್‌ನ ಎತ್ತರ
```

ದಕ್ಷಿಣ ಭಾರತದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡಿಗಿಂತ ಬಹಳ ಕೆಳಗಿದೆ. ಇಡೀ ಭೂಮಿಯಲ್ಲಿ ಅದು ಅತ್ಯಂತ ತಗ್ಗಿಗೆ, ನೂರು ಮೀಟರಿಗೂ ಹೆಚ್ಚು ಆಳಕ್ಕೆ, ಇಳಿದಿರುವುದು ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ. ಆ ತಗ್ಗಿನ ಅಂಚು ನಮ್ಮಲ್ಲಿಯವರೆಗೂ ಚಾಚಿದೆ. ಈ ಯೋಜನೆಯ ಜಾಗದಲ್ಲಿ N ಸುಮಾರು ಮೈನಸ್ 88 ಮೀಟರ್. ಆದ್ದರಿಂದ ಇಲ್ಲಿ ಜಿಪಿಎಸ್ಸಿನ ಕಚ್ಚಾ ಎತ್ತರ ಸಮುದ್ರಮಟ್ಟದ ಎತ್ತರಕ್ಕಿಂತ 88 ಮೀಟರ್ ಕಡಿಮೆ ತೋರುತ್ತದೆ. ಪಠ್ಯಪುಸ್ತಕಗಳ ಚಿತ್ರದಲ್ಲಿ ಜಿಯಾಯ್ಡ್ ಸಾಮಾನ್ಯವಾಗಿ ಎಲಿಪ್ಸಾಯ್ಡಿನ ಮೇಲಿರುವುದರಿಂದ ಕೆಲವರು ಕೂಡಿಸುವಲ್ಲಿ ಕಳೆಯುತ್ತಾರೆ. ಆದರೆ ಅಷ್ಟು ದೊಡ್ಡ ತಪ್ಪು ಅದೇ ದಿನ ಕಣ್ಣಿಗೆ ಬೀಳುತ್ತದೆ. ಅಪಾಯವಿರುವುದು ಆ 88 ಮೀಟರನ್ನು ಸರಿಪಡಿಸಿದ ಮೇಲೆ ಉಳಿಯುವ ಅರ್ಧ ಮೀಟರಿನಲ್ಲಿ.

ಮೂರನೆಯ ಸೊನ್ನೆ ಬೆಂಚ್ ಮಾರ್ಕ್‌ಗಳದ್ದು, ಮತ್ತು ಹೆಚ್ಚಿನವರು ಮರೆಯುವುದು ಇದನ್ನೇ. ನಾವು ಬಳಸಿದ ಪಟ್ಟಿಯಲ್ಲಿದ್ದ ಜಿಟಿಎಸ್ ಎತ್ತರಗಳು 1909ರ ಭಾರತೀಯ ಲಂಬ ಆಧಾರಕ್ಕೆ ಸೇರಿದವು. ಆಗ ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ಅಳೆದು, ಪ್ರತಿಯೊಂದರ ಸರಾಸರಿ ಸಮುದ್ರಮಟ್ಟವನ್ನೂ ಸೊನ್ನೆ ಎಂದು ಹಿಡಿದು, ಲೆವೆಲಿಂಗ್ ಜಾಲವನ್ನು ಅವುಗಳಿಗೆ ಕಟ್ಟಿಹಾಕಿದರು. ನಿಜದಲ್ಲಿ ಆ ಬಂದರುಗಳ ಸಮುದ್ರಮಟ್ಟಗಳು ಒಂದೇ ಜಿಯಾಯ್ಡ್ ಮೇಲ್ಮೈಯಲ್ಲಿ ಇರುವುದಿಲ್ಲ. ಸಾಗರದ ಒಳಹರಿವು, ಉಷ್ಣತೆ, ಲವಣಾಂಶಗಳಿಂದ ಸಮುದ್ರದ ಸರಾಸರಿ ಮಟ್ಟವೂ ಜಾಗದಿಂದ ಜಾಗಕ್ಕೆ ಏರುಪೇರಾಗುತ್ತದೆ. ಜೊತೆಗೆ ಆಗಿನ ಲೆಕ್ಕದಲ್ಲಿ ಗುರುತ್ವದ ತಿದ್ದುಪಡಿಗೆ ಬಳಸಿದ್ದು ಸೂತ್ರದಿಂದ ಬರುವ ಗುರುತ್ವವನ್ನು, ಘಟ್ಟದ ಮೇಲೆ ಅಳೆದದ್ದನ್ನಲ್ಲ. ಹೀಗಾಗಿ ಬೆಂಚ್ ಮಾರ್ಕಿನ ಸೊನ್ನೆ ಮತ್ತು ಜಾಗತಿಕ ಜಿಯಾಯ್ಡ್ ಮಾದರಿಯ ಸೊನ್ನೆ ಹತ್ತಿರದ ನೆಂಟರೇ ಹೊರತು ಒಂದೇ ಅಲ್ಲ. ಇಲಾಖೆ ಆ ಆಧಾರವನ್ನು ನಂತರ ಮರುವ್ಯಾಖ್ಯಾನಿಸಿರುವುದರಿಂದ, ಒಂದು ಬೆಂಚ್ ಮಾರ್ಕಿನ ಎತ್ತರ ಕೈಗೆ ಬಂದಾಗ ಅದು ಹಳೆಯ ಪಟ್ಟಿಯದೋ ಹೊಸದರದೋ ಎಂದು ಕೇಳುವುದೂ ಈಗ ಅಗತ್ಯವಾಗಿದೆ.

ಎರಡು ಪಟ್ಟಿಗಳ ಹಿಂದೆ ಇದ್ದದ್ದು

ತಂಡಗಳ ಕಡತಗಳನ್ನು ತೆರೆದು ನೋಡಿದಾಗ ವಿಷಯ ತಿಳಿಯಾಯಿತು. ಎರಡರಲ್ಲೂ ಎತ್ತರದ ಅಂಕಣಕ್ಕೆ `Elevation` ಎಂಬ ಒಂದೇ ಹೆಸರು.

ಮೊದಲ ತಂಡ ಎಲಿಪ್ಸಾಯ್ಡ್ ಎತ್ತರಗಳನ್ನು ತೆಗೆದು, ಮೇಲಿನ ಪಟ್ಟಣದಲ್ಲಿದ್ದ ಬೆಂಚ್ ಮಾರ್ಕ್ ಒಂದರ ಮೇಲೆ ರೋವರ್ ಇಟ್ಟು, ಅಲ್ಲಿ ಸಿಕ್ಕ 88.10 ಮೀಟರ್ ವ್ಯತ್ಯಾಸವನ್ನು ಒಂಬತ್ತು ಕಿಲೋಮೀಟರಿನ ಎಲ್ಲ ಬಿಂದುಗಳಿಗೂ ಕೂಡಿಸಿತ್ತು. ಈ ವಿಧಾನವನ್ನು ತಪ್ಪು ಎಂದು ತಳ್ಳಿಹಾಕಲಾಗದು. ಒಂದು ಶಾಲೆಯ ಆವರಣಕ್ಕೆ, ಒಂದು ಕೆರೆಯ ಸುತ್ತಳತೆಗೆ ಇದು ಸಾಕು, ಮತ್ತು ಸೊನ್ನೆ ಬೆಂಚ್ ಮಾರ್ಕಿನದ್ದೇ ಆಗಿರುತ್ತದೆ ಎಂಬ ಒಳ್ಳೆಯ ಗುಣವೂ ಇದಕ್ಕಿದೆ. ಆದರೆ ಜಿಯಾಯ್ಡ್ ಎಲಿಪ್ಸಾಯ್ಡಿಗೆ ಸಮಾನಾಂತರವಾಗಿಲ್ಲ. ಘಟ್ಟದ ಈ ಭಾಗದಲ್ಲಿ ಅದು ವಾರೆಯಾಗಿದೆ. ಮುಂದೆ ತಿಳಿದಂತೆ ಪಂಪ್‌ಹೌಸ್ ಜಾಗದಲ್ಲಿ ಇರಬೇಕಿದ್ದ ವ್ಯತ್ಯಾಸ 88.42. ಕಿಲೋಮೀಟರಿಗೆ ಮೂರೂವರೆ ಸೆಂಟಿಮೀಟರಿನಂತೆ ಕೂಡಿಕೊಂಡು, ಒಂಬತ್ತು ಕಿಲೋಮೀಟರಿನ ಕೊನೆಯಲ್ಲಿ ಈ ಪಟ್ಟಿ 32 ಸೆಂಟಿಮೀಟರ್ ಕೆಳಗಿತ್ತು. ಪಟ್ಟಣದ ಕಡೆ ದೋಷ ಸೊನ್ನೆ, ಹೊಳೆ ಇಳಿದಂತೆ ಹೆಚ್ಚುತ್ತ ಹೋಗುವ ದೋಷ. ಇಂಥದ್ದು ಗೆರೆಯಲ್ಲಿ ಎಲ್ಲಿಯೂ ಮೆಟ್ಟಿಲಾಗಿ ಕಾಣುವುದಿಲ್ಲ, ಹೊಳೆಯ ಇಳಿಜಾರು ಸ್ವಲ್ಪ ಹೆಚ್ಚಿದಂತೆ ಮಾತ್ರ ಕಾಣುತ್ತದೆ.

ಎರಡನೆಯ ತಂಡದ ಕಂಟ್ರೋಲರಿನಲ್ಲಿ `EGM96` ಎಂಬ ಜಾಗತಿಕ ಜಿಯಾಯ್ಡ್ ಮಾದರಿ ಮೊದಲೇ ತುಂಬಿತ್ತು. ಉಪಕರಣ ಪ್ರತಿ ಬಿಂದುವಿಗೂ ತಾನೇ N ಹುಡುಕಿ ಕಳೆದು, ಸಮುದ್ರಮಟ್ಟದ ಎತ್ತರವನ್ನು ತೋರಿಸುತ್ತಿತ್ತು. ವಾರೆಯ ಸಮಸ್ಯೆ ಇವರಿಗೆ ಬರಲಿಲ್ಲ. ಬೆಂಚ್ ಮಾರ್ಕಿಗೆ ಹೋಗುವ ಅಗತ್ಯವೂ ಅವರಿಗೆ ಕಾಣಲಿಲ್ಲ, ಏಕೆಂದರೆ ಪರದೆಯ ಮೇಲಿನ ಅಂಕಿ ಊರಿನವರು ಹೇಳುವ ಎತ್ತರಕ್ಕೆ ಸರಿಯಾಗಿಯೇ ಇತ್ತು. ಪಂಪ್‌ಹೌಸ್ ಜಾಗದಲ್ಲಿ ಆ ಮಾದರಿ ಕೊಟ್ಟ N ಮೈನಸ್ 88.85, ಬೆಂಚ್ ಮಾರ್ಕ್ ಲೆಕ್ಕಕ್ಕೆ ಬೇಕಿದ್ದದ್ದು ಮೈನಸ್ 88.42. ಈ ಪಟ್ಟಿ 43 ಸೆಂಟಿಮೀಟರ್ ಮೇಲಿತ್ತು. ಒಂದರದು 32 ಕೆಳಗೆ, ಇನ್ನೊಂದರದು 43 ಮೇಲೆ, ಒಟ್ಟು 75.

ತಿದ್ದುವ ಮೊದಲ ಪ್ರಯತ್ನಗಳು

ಮೇಲಿನ ಎರಡು ಪ್ಯಾರಾಗಳಲ್ಲಿರುವ 88.42 ಎಂಬ ಅಂಕಿ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು 75 ಸೆಂಟಿಮೀಟರಿನ ಬಿರುಕು ಮಾತ್ರ. ವಿನ್ಯಾಸ ತಂಡದ ಕಿರಿಯ ಎಂಜಿನಿಯರ್ ಒಬ್ಬರು, ಕೆಳಗಿನ ಪಟ್ಟಿಯನ್ನು 75 ಸೆಂಟಿಮೀಟರ್ ಇಳಿಸಿದರೆ ಗೆರೆ ನಯವಾಗುತ್ತದಲ್ಲ ಎಂದು ಕೇಳಿದರು. ಗೆರೆ ನಯವಾಗುತ್ತಿತ್ತು, ನಿಜ. ಆದರೆ ಆಗ ಎರಡೂ ಪಟ್ಟಿಗಳು ಜಾಗದಲ್ಲಿ 32 ಸೆಂಟಿಮೀಟರ್ ಕೆಳಗೆ ಕೂತು, ಪ್ರವಾಹದ ಮಟ್ಟವನ್ನು ಕಡಿಮೆ ಅಂದಾಜು ಮಾಡಿದ ಪಂಪ್‌ಹೌಸ್ ಎದ್ದು ನಿಲ್ಲುತ್ತಿತ್ತು, ಮತ್ತು ತಪ್ಪನ್ನು ಹೊರಗೆ ಹಾಕಿದ್ದ ಏಕೈಕ ಸಾಕ್ಷಿಯೂ ಅಳಿಸಿಹೋಗುತ್ತಿತ್ತು. ಇನ್ನೊಂದು ಸಲಹೆ, ಎರಡರ ಸರಾಸರಿ ಹಿಡಿಯುವುದು. ಹಾಗೆ ಮಾಡಿದ್ದರೆ 852.59 ಬರುತ್ತಿತ್ತು, ಕೊನೆಗೆ ಸಿದ್ಧವಾದ ಉತ್ತರಕ್ಕೆ ಅದು ಆರು ಸೆಂಟಿಮೀಟರಿನಷ್ಟು ಹತ್ತಿರ. ಅದು ಬರಿಯ ಅದೃಷ್ಟ. ಪಂಪ್‌ಹೌಸ್ ಸರಿಯಾಗುತ್ತಿತ್ತು, ಅದರಿಂದ ಕೆಳಗೆ ರಸ್ತೆಯುದ್ದಕ್ಕೂ ಇದ್ದ ಎರಡನೆಯ ತಂಡದ ಅಂಕಿಗಳು ನಲವತ್ತು ಚಿಲ್ಲರೆ ಸೆಂಟಿಮೀಟರ್ ಮೇಲೆಯೇ ಉಳಿಯುತ್ತಿದ್ದವು.

ಮೂರನೆಯ ಸಲಹೆ ಹೆಚ್ಚು ಗಂಭೀರವಾದದ್ದು. ಇಜಿಎಂ96 ಹಳೆಯ ಮಾದರಿ, ಒರಟು. ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ಇಜಿಎಂ2008 ಹಾಕಿ ಎರಡೂ ಪಟ್ಟಿಗಳನ್ನು ಮತ್ತೆ ಲೆಕ್ಕ ಮಾಡೋಣ ಎಂಬುದು. ಮಾಡಿ ನೋಡಿದೆವು. ಬಿರುಕು ಮಾಯವಾಯಿತು, ಏಕೆಂದರೆ ಈಗ ಎರಡಕ್ಕೂ ಒಂದೇ ಸೊನ್ನೆ. ಕೆಲಸ ಮುಗಿಯಿತೆಂದು ಅನಿಸುವುದಕ್ಕೆ ಇಷ್ಟು ಸಾಕಿತ್ತು. ಆದರೆ ಜಾಗದಲ್ಲಿ ಹೊಸ ಮಾದರಿಯ N ಹಳೆಯದಕ್ಕಿಂತ ಬೇರೆಯಾದದ್ದು ಐದೂವರೆ ಸೆಂಟಿಮೀಟರ್ ಮಾತ್ರ. ಅಲ್ಲೇ ಕಾಲ ಕೆಳಗೆ ಲೆವೆಲಿಂಗಿನಿಂದ ಬಂದ ಟಿಬಿಎಂ ಇತ್ತು. ಅದರ ಮೇಲೆ ರೋವರ್ ಇಟ್ಟರೆ ಹೊಸ ಮಾದರಿಯಿಂದ ಬಂದ ಎತ್ತರ ಇನ್ನೂ 39 ಸೆಂಟಿಮೀಟರ್ ಹೆಚ್ಚು ತೋರಿಸಿತು. ಮಾದರಿ ಎಷ್ಟೇ ಸೂಕ್ಷ್ಮವಾದರೂ ಅದರ ಸೊನ್ನೆ 1909ರ ಸೊನ್ನೆಯಾಗುವುದಿಲ್ಲ.

ಇಲ್ಲಿ ಒಂದು ನಿರ್ಧಾರ ಬೇಕಾಯಿತು: ಯೋಜನೆಯ ಸೊನ್ನೆ ಯಾವುದು? ವೈಜ್ಞಾನಿಕವಾಗಿ ಹೊಸ ಮಾದರಿಯೇ ಮೇಲಲ್ಲವೇ ಎಂಬ ವಾದ ಸಭೆಯಲ್ಲಿ ಬಂತು. ಆದರೆ ನದಿಯ ಅಳತೆಕಂಬದ ದಾಖಲೆ, ಹಳೆಯ ಸೇತುವೆಯ ನಕ್ಷೆ, ಮುಖ್ಯರಸ್ತೆಯ ಲೆವೆಲ್ ಬುಕ್‌ಗಳು ಎಲ್ಲವೂ ಬೆಂಚ್ ಮಾರ್ಕ್ ಎತ್ತರದಲ್ಲಿದ್ದವು. ನಾಳೆ ಗುತ್ತಿಗೆದಾರರು ಲೆವೆಲ್ ಇಟ್ಟು ಕೆಲಸ ಮಾಡುವುದೂ ಆ ಟಿಬಿಎಂನಿಂದಲೇ. ಆದ್ದರಿಂದ ಬೆಂಚ್ ಮಾರ್ಕ್ ಆಧಾರವನ್ನೇ ಯೋಜನೆಯ ಆಧಾರವೆಂದು ಗೊತ್ತುಮಾಡಿ, ಜಿಪಿಎಸ್ ಎತ್ತರಗಳನ್ನು ಅದಕ್ಕೆ ತರುವುದೆಂದು ಬರೆದಿಟ್ಟೆವು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ತಿರುವು ಇದೇ. ಇದಕ್ಕೆ ಮೊದಲು ಯಾವ ಅಂಕಿ ಸರಿ ಎಂದು ಚರ್ಚಿಸುತ್ತಿದ್ದೆವು, ನಂತರ ಯಾವುದಕ್ಕೆ ಹೋಲಿಸಿದರೆ ಸರಿ ಎಂದು ಕೇಳುವುದು ಸಾಧ್ಯವಾಯಿತು.

ಬೆಂಚ್ ಮಾರ್ಕ್‌ಗಳ ಮೇಲೆ ಜಿಪಿಎಸ್

ಹದಿನೆಂಟು ಕಿಲೋಮೀಟರಿನಲ್ಲಿ, ಆಕಾಶ ತೆರೆದಿರುವ ಮತ್ತು ಕಲ್ಲು ಅಲುಗದೆ ಕೂತಂತೆ ಕಾಣುವ ಐದು ಬೆಂಚ್ ಮಾರ್ಕ್‌ಗಳನ್ನು ಆರಿಸಿಕೊಂಡೆವು. ಪ್ರತಿಯೊಂದರ ಮೇಲೂ ಟ್ರೈಪಾಡಿನಲ್ಲಿ ರಿಸೀವರ್ ಇಟ್ಟು ಎರಡು ಗಂಟೆಗೂ ಹೆಚ್ಚು ಸ್ಥಿರ ಅಳತೆ, ಬೇರೊಂದು ದಿನ ಬೇರೊಂದು ಹೊತ್ತಿನಲ್ಲಿ ಮತ್ತೊಮ್ಮೆ. ಆಂಟೆನಾದ ಎತ್ತರವನ್ನು ಆರಂಭದಲ್ಲೂ ಕೊನೆಯಲ್ಲೂ ಅಳೆದು ಬರೆಯುವುದು. ಲೆಕ್ಕವನ್ನು ಸರ್ವೇಕ್ಷಣಾ ಇಲಾಖೆಯ ಶಾಶ್ವತ ಜಿಪಿಎಸ್ ಕೇಂದ್ರಗಳ ಕಾರ್ಸ್ ಜಾಲಕ್ಕೆ ಕಟ್ಟುವುದು. ಕಾರ್ಸ್‌ಗೆ ಕಟ್ಟಿದ್ದಕ್ಕೆ ಕಾರಣವಿದೆ. ಬೇಸ್ ಅನ್ನು ಕಂಡ ಕಡೆ ಇಟ್ಟು, ಅದು ತಾನೇ ಹೇಳಿದ ಸ್ಥಾನವನ್ನು ನಂಬಿ ಕೆಲಸ ಆರಂಭಿಸಿದರೆ, ಬೇಸಿನ ಎತ್ತರದಲ್ಲಿ ಮೀಟರುಗಟ್ಟಲೆ ತಪ್ಪಿರಬಹುದು, ಮತ್ತು ಅದು ಪ್ರತಿ ಬಿಂದುವಿಗೂ ಹಾಗೆಯೇ ಇಳಿಯುತ್ತದೆ.

ಹೀಗೆ ಸಿಕ್ಕ ಎಲಿಪ್ಸಾಯ್ಡ್ ಎತ್ತರದಿಂದ ಪಟ್ಟಿಯ ಎತ್ತರವನ್ನು ಕಳೆದರೆ ಆ ಕಲ್ಲಿನ ಮೇಲೆ ನಿಜವಾಗಿ ಬೇಕಾದ N ಸಿಗುತ್ತದೆ. ಅದರಿಂದ ಇಜಿಎಂ2008 ಕೊಡುವ N ಅನ್ನು ಕಳೆದರೆ ಉಳಿಯುವುದೇ ಎರಡು ಸೊನ್ನೆಗಳ ನಡುವಿನ ಅಂತರ, ಮಾದರಿಯ ಸಣ್ಣ ದೋಷಗಳೂ ಸೇರಿ. ಮೇಲಿನಿಂದ ಕೆಳಕ್ಕೆ ಐದು ಕಲ್ಲುಗಳಲ್ಲಿ ಅದು ಹೀಗಿತ್ತು:

```
BM-1   +0.41
BM-2   +0.38
BM-3   +0.65
BM-4   +0.36
BM-5   +0.35
```

ಮೂರನೆಯದು ಗುಂಪಿಗೆ ಸೇರುವುದಿಲ್ಲ ಎಂದು ಹೇಳಲು ಲೆಕ್ಕಶಾಸ್ತ್ರ ಬೇಡ. ಅದು ಪಂಪ್‌ಹೌಸ್‌ನಿಂದ ಕೆಳಗೆ ಮುಖ್ಯರಸ್ತೆಯ ಮೋರಿಯೊಂದರ ಕಟ್ಟೆಯಲ್ಲಿದ್ದ ಕಲ್ಲು. ಅಕ್ಷರಗಳು ಸ್ಪಷ್ಟವಾಗಿದ್ದು ಐದರಲ್ಲಿ ನೋಡಲು ಅತ್ಯಂತ ಚೆನ್ನಾಗಿತ್ತು. ಟಿಬಿಎಂನಿಂದ ಅಲ್ಲಿಗೆ ಲೆವೆಲಿಂಗ್ ಮಾಡಿದಾಗ ಕಲ್ಲು ತನ್ನ ಪಟ್ಟಿಯ ಎತ್ತರಕ್ಕಿಂತ 27 ಸೆಂಟಿಮೀಟರ್ ಮೇಲಿರುವುದು ತಿಳಿಯಿತು. ರಸ್ತೆ ಅಗಲ ಮಾಡುವಾಗ ಮೋರಿಯನ್ನು ಒಡೆದು ಕಟ್ಟಿ, ಹಳೆಯ ಕಲ್ಲನ್ನು ಗೌರವದಿಂದ ಹೊಸ ಕಟ್ಟೆಯ ಮೇಲೆ ಕೂರಿಸಿದ್ದರಂತೆ. ಕಲ್ಲು ಉಳಿದಿತ್ತು, ಎತ್ತರ ಉಳಿದಿರಲಿಲ್ಲ. ಮಣ್ಣೇರಿಯ ರಸ್ತೆಯ ಕೆಲಸಕ್ಕೆ ಹತ್ತಿರದ ಬೆಂಚ್ ಮಾರ್ಕ್ ಎಂದು ನಕ್ಷೆಯಲ್ಲಿ ತೋರಿಸಿದ್ದು ಇದನ್ನೇ. ಒಂದೇ ಬೆಂಚ್ ಮಾರ್ಕಿಗೆ ಹೊಂದಿಸುವ ತಂಡ ಅಕಸ್ಮಾತ್ ಇದನ್ನು ಆರಿಸಿಕೊಂಡಿದ್ದರೆ ತಪ್ಪು ತಿಳಿಯಲು ದಾರಿಯೇ ಇರುತ್ತಿರಲಿಲ್ಲ.

ಉಳಿದ ನಾಲ್ಕರ ಸರಾಸರಿ 0.375 ಮೀಟರ್, ಅದರಿಂದ ಅತಿ ಹೆಚ್ಚು ದೂರ ಹೋದದ್ದು ಮೊದಲ ಕಲ್ಲು, ಮೂರೂವರೆ ಸೆಂಟಿಮೀಟರ್. ಅಂಕಿಗಳು ಕೆಳಕ್ಕೆ ಹೋದಂತೆ ಸ್ವಲ್ಪ ಸ್ವಲ್ಪ ಇಳಿಯುತ್ತವೆ ಎಂಬುದನ್ನು ನೋಡಿ, ಒಂದು ವಾರೆ ಸಮತಲವನ್ನು ಹೊಂದಿಸಿದರೆ ಇನ್ನೂ ನಿಖರವಾಗುತ್ತದಲ್ಲ ಎಂಬ ಆಸೆ ಹುಟ್ಟುತ್ತದೆ. ತಂತ್ರಾಂಶ ಆ ಗುಂಡಿಯನ್ನು ಎದುರಿಗೇ ಇಟ್ಟಿರುತ್ತದೆ, ಒತ್ತಿದರೆ ಉಳಿಕೆ ದೋಷಗಳು ಮಿಲಿಮೀಟರಿಗೆ ಇಳಿದು ವರದಿ ಸುಂದರವಾಗಿ ಕಾಣುತ್ತದೆ. ಇಲ್ಲಿ ಅದನ್ನು ಬೇಡವೆಂದೆವು. ನಮ್ಮ ನಾಲ್ಕೂ ಕಲ್ಲುಗಳು ಕಣಿವೆಯ ರಸ್ತೆಯನ್ನು ಹಿಡಿದು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. ಸಾಲಿನ ಉದ್ದಕ್ಕೆ ವಾರೆ ಎಷ್ಟೆಂದು ಅವು ಹೇಳಬಲ್ಲವು, ಅಡ್ಡಕ್ಕೆ ಎಷ್ಟೆಂದು ಹೇಳಲಾರವು. ಒಂದು ಸಾಲು ಮೊಳೆಗಳ ಮೇಲೆ ಇಟ್ಟ ಹಲಗೆ ಪಕ್ಕಕ್ಕೆ ಎತ್ತ ಬೇಕಾದರೂ ವಾಲುವಂತೆ ಆ ಸಮತಲವೂ ಎರಡು ಸೆಂಟಿಮೀಟರಿನ ಅಳತೆ ದೋಷಕ್ಕೆ ಮಣಿದು ಅಡ್ಡಕ್ಕೆ ವಾಲುತ್ತದೆ. ಹೊಳೆಯಿಂದ ಎರಡು ಕಿಲೋಮೀಟರ್ ಪಕ್ಕದ ತೋಟದಲ್ಲಿ ಅದು ಎಷ್ಟು ತಪ್ಪುತ್ತದೆಂದು ವರದಿ ಹೇಳುವುದಿಲ್ಲ. ಆದ್ದರಿಂದ ವಾರೆಯನ್ನು ಮಾದರಿಗೆ ಬಿಟ್ಟು, ನಾವು ಒಂದೇ ಸ್ಥಿರಾಂಕವನ್ನು ಮಾತ್ರ ಸೇರಿಸಿದೆವು. ಒಂದೊಂದೇ ಕಲ್ಲನ್ನು ಹೊರಗಿಟ್ಟು ಉಳಿದ ಮೂರರಿಂದ ಅದರ ಎತ್ತರವನ್ನು ಊಹಿಸಿದಾಗ, ಅತಿ ಕೆಟ್ಟ ಊಹೆ ಐದು ಸೆಂಟಿಮೀಟರಿನೊಳಗಿತ್ತು. ಪ್ರವಾಹದ ಗುರುತಿನ ಕೆಲಸಕ್ಕೆ ಅದು ಧಾರಾಳ.

ಟಿಬಿಎಂ ಅನ್ನು ಈ ಲೆಕ್ಕದಲ್ಲಿ ಸೇರಿಸಿರಲಿಲ್ಲ, ಪರೀಕ್ಷೆಗೆಂದು ಉಳಿಸಿಕೊಂಡಿದ್ದೆವು.

```
h (ಜಿಪಿಎಸ್)               764.801
N = −88.795 + 0.375      −88.420
H = h − N                853.221
ಲೆವೆಲಿಂಗ್‌ನಿಂದ              853.206
```

ವ್ಯತ್ಯಾಸ 15 ಮಿಲಿಮೀಟರ್.

ಫಲಿತಾಂಶ

ಎರಡೂ ಪಟ್ಟಿಗಳನ್ನು ಮೂಲ ಎಲಿಪ್ಸಾಯ್ಡ್ ಎತ್ತರದಿಂದ ಮತ್ತೆ ಲೆಕ್ಕ ಮಾಡಬೇಕಾಯಿತು. ಮೊದಲ ತಂಡದ ದೋಷ ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತಿದ್ದುದರಿಂದ ಒಂದು ಅಂಕಿ ಕೂಡಿಸಿ ಮುಗಿಸುವಂತಿರಲಿಲ್ಲ. ಅವರಲ್ಲಿ ಮೂಲ ಅಂಕಿಗಳು ಇದ್ದವು. ಎರಡನೆಯ ತಂಡ ಕೊಟ್ಟದ್ದು ಮಾದರಿ ಕಳೆದ ಎತ್ತರಗಳನ್ನು ಮಾತ್ರ. ಯಾವ ಮಾದರಿ ಎಂಬುದು ಕಂಟ್ರೋಲರಿನ ಕಡತದಲ್ಲಿ ಬರೆದಿದ್ದರಿಂದ, ಅದೇ ಮಾದರಿಯ N ಅನ್ನು ಪ್ರತಿ ಬಿಂದುವಿಗೂ ಹಿಂದಕ್ಕೆ ಸೇರಿಸಿ ಎಲಿಪ್ಸಾಯ್ಡ್ ಎತ್ತರವನ್ನು ಮರಳಿ ಪಡೆಯಲು ಸಾಧ್ಯವಾಯಿತು. ಆ ಒಂದು ಸಾಲು ಇಲ್ಲದಿದ್ದರೆ ಒಂಬತ್ತು ಕಿಲೋಮೀಟರ್ ಮತ್ತೆ ನಡೆಯಬೇಕಿತ್ತು.

ಹೊಸ ಲೆಕ್ಕದಲ್ಲಿ ಸೇತುವೆಯ ಗುರುತು 852.62, ಲೈನ್ ಮನೆಯ ಮೊಳೆ 852.45, ನಡುವೆ ಲೆವೆಲಿಂಗ್ ಹೇಳಿದ ಅದೇ 17 ಸೆಂಟಿಮೀಟರ್. ಪಂಪ್‌ಹೌಸ್ ಎದುರು ಪ್ರವಾಹದ ಮಟ್ಟವನ್ನು 852.53 ಎಂದು ಹಿಡಿದು, ಅದರ ಮೇಲೆ ಒಂದು ಮೀಟರ್ ಮುಕ್ತ ಅಂತರ ಬಿಟ್ಟು, ಮೋಟಾರು ನೆಲವನ್ನು 853.55ಕ್ಕೆ ನಿಗದಿ ಮಾಡಲಾಯಿತು. ಹೆಚ್ಚು ಬದಲಾದದ್ದು ರಸ್ತೆ. ಮೊದಲಿನ ನಕ್ಷೆಯಲ್ಲಿ ಅದು ಎರಡನೆಯ ತಂಡದ ಪ್ರವಾಹದ ಮಟ್ಟಕ್ಕೆ ಹೊಂದಿಕೊಂಡು ಸುಮಾರು ನಲವತ್ತು ಸೆಂಟಿಮೀಟರ್ ಹೆಚ್ಚು ಎತ್ತರವಿತ್ತು. ಎತ್ತರ ಹೆಚ್ಚಾದರೆ ಸುರಕ್ಷಿತವೇ ಅಲ್ಲವೇ ಎಂದು ಕೇಳಬಹುದು. ಆದರೆ ಗದ್ದೆಬಯಲಿಗೆ ಅಡ್ಡವಾಗಿ ನಿಂತ ಮಣ್ಣೇರಿ ಎತ್ತರವಾದಷ್ಟೂ ಪ್ರವಾಹದ ನೀರು ಅದರ ಮೇಲೆ ಹಾದುಹೋಗುವ ಬದಲು ಹಿಂದೆ ನಿಲ್ಲುತ್ತದೆ, ಹಿಂದೆ ಇದ್ದದ್ದು ಮನೆಗಳು. ರಸ್ತೆಯನ್ನು ತಗ್ಗಿಸಿ, ಮೋರಿಗಳ ತಳಮಟ್ಟಗಳನ್ನು ಟಿಬಿಎಂನಿಂದ ಲೆವೆಲಿಂಗ್ ಮಾಡಿ ಮತ್ತೆ ಬರೆಯಲಾಯಿತು. ಮೋರಿಯ ಇಳಿಜಾರಿನಂಥ ಕೆಲಸಕ್ಕೆ, ಎಲ್ಲಿ ಎರಡು ಸೆಂಟಿಮೀಟರಿಗೂ ಬೆಲೆ ಇದೆಯೋ ಅಲ್ಲಿ, ತಿದ್ದಿದ ಜಿಪಿಎಸ್ ಎತ್ತರವನ್ನೂ ಬಳಸಬಾರದು ಎಂಬ ಷರತ್ತನ್ನು ಸೇರಿಸಿದೆವು.

ನಕ್ಷೆಯ ಪ್ರತಿ ಹಾಳೆಯಲ್ಲೂ ಈಗ ಒಂದು ಟಿಪ್ಪಣಿ ಇದೆ: ಎತ್ತರಗಳು ಯಾವ ಬೆಂಚ್ ಮಾರ್ಕ್ ಪಟ್ಟಿಯ ಆಧಾರದವು, ಜಿಪಿಎಸ್ ಬಿಂದುಗಳಿಗೆ ಬಳಸಿದ ಮಾದರಿ ಯಾವುದು, ಸೇರಿಸಿದ ಸ್ಥಿರಾಂಕ ಎಷ್ಟು, ಮೂರನೆಯ ಕಲ್ಲನ್ನು ಬಳಸಬಾರದು. ಬಿಂದುಗಳ ಪಟ್ಟಿಯಲ್ಲಿ `Elevation` ಅಂಕಣವನ್ನು ತೆಗೆದು, h, N, H ಎಂದು ಮೂರು ಅಂಕಣ ಮಾಡಲಾಗಿದೆ. ಯೋಜನೆಯ ಎರಡನೆಯ ಹಂತದಲ್ಲಿ ಪಕ್ಕದ ಬೆಟ್ಟದ ಮೇಲೆ, ಹೊಳೆಗಿಂತ ಇನ್ನೂರು ಮೀಟರಿಗೂ ಎತ್ತರದಲ್ಲಿ ಟ್ಯಾಂಕ್ ಕಟ್ಟುವ ಪ್ರಸ್ತಾವ ಬಂದಾಗ, ಅದೇ 0.375 ಅನ್ನು ಅಲ್ಲಿಗೂ ಹಾಕಬಹುದೇ ಎಂದು ಕೇಳಿದರು. ಕಣಿವೆಯ ಸಾಲಿನಲ್ಲಿ ಪರೀಕ್ಷಿಸಿದ ಅಂಕಿ ಅದು. ಬೆಟ್ಟದ ರಾಶಿ ಹತ್ತಿರ ಬಂದಂತೆ ಜಿಯಾಯ್ಡ್ ಬಾಗುವ ರೀತಿಯನ್ನು ಜಾಗತಿಕ ಮಾದರಿ ಪೂರ್ತಿ ಹಿಡಿಯುವುದಿಲ್ಲ. ಟಿಬಿಎಂನಿಂದ ಬೆಟ್ಟಕ್ಕೆ ಲೆವೆಲಿಂಗ್ ಒಯ್ದು, ಟ್ಯಾಂಕಿನ ಜಾಗದಲ್ಲಿ ಸ್ಥಿರ ಜಿಪಿಎಸ್ ಅಳತೆ ಮಾಡಿ, ಸಾಲಿನಿಂದ ಹೊರಗಿರುವ ಐದನೆಯ ಬಿಂದುವಾಗಿ ಅದನ್ನು ಸೇರಿಸಿಕೊಳ್ಳುವುದೆಂದು ತೀರ್ಮಾನವಾಗಿದೆ.